ಕೆಲಸ ವಾಪಸ್ ಸಿಕ್ತು, ಹಿಂದಿನ ಸಂಬಳ ಎಲ್ಲಿ?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ನಮ್ಮವರಿಗೆ ಒಂದು ಮಾತು. ವಜಾ ಆದೇಶ ರದ್ದಾದ ಖುಷಿಯಲ್ಲಿ ಸುಮ್ನೆ ಡ್ಯೂಟಿಗೆ ಹೋಗಬೇಡಿ.

2013ರಲ್ಲಿ ದೀಪಾಲಿ ಗುಂಡು ಸುರ್ವಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಅನ್ಯಾಯದ ವಜಾ ರದ್ದಾದರೆ ಹಿಂಬಾಕಿ ವೇತನ ಸಾಮಾನ್ಯ ನಿಯಮ. ಆದರೆ ಹೊರಗಿದ್ದಾಗ ಸಂಪಾದನೆ ಇರಲಿಲ್ಲ, ಅಥವಾ ಕಡಿಮೆ ಕೂಲಿಗೆ ದುಡಿದೆ ಅಂತ ನಾವು ಹೇಳಲೇಬೇಕು. ಹೇಳಿದ ಮೇಲೆ ಅದು ಸುಳ್ಳು ಅಂತ ಸಾಬೀತು ಮಾಡೋ ಹೊಣೆ ಮಾಲೀಕನದು. ಹಾಗಾಗಿ ಕೂಲಿ ಮಾಡಿದ್ದನ್ನ ಮುಚ್ಚಿಡಬೇಡಿ.

ಮೊದಲು ಆದೇಶ ಓದಿ. ಹಿಂಬಾಕಿ ಬಗ್ಗೆ ಅದು ಮೌನವಾಗಿದ್ದರೆ ತಡ ಮಾಡದೆ ವಕೀಲರನ್ನ ಕೇಳಿ. ಬರೆದಿದ್ದರೆ ಪತ್ರ ಕೊಡಿ. ವಜಾ ದಿನಾಂಕ, ಮರುನೇಮಕದ ದಿನಾಂಕ, ಲೆಕ್ಕ ಹಾಕಿ: ತಿಂಗಳಿಗೆ 12,000 ರೂಪಾಯಿ, 30 ತಿಂಗಳು ಅಂದ್ರೆ 3,60,000. ಸೇವಾ ನಿರಂತರತೆ, ಇಂಕ್ರಿಮೆಂಟ್, ಪಿಎಫ್ ಬೇರೆ ಬೇರೆ ಸಾಲಲ್ಲಿ ಕೇಳಿ. ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಕೊಡದಿದ್ರೆ ರಿಜಿಸ್ಟ್ರೇಷನ್ ಸಮೇತ ಸ್ಪೀಡ್ ಪೋಸ್ಟ್.

ಬಾಯಿ ಮಾತಿಗೆ ದಾಖಲೆ ಇಲ್ಲ. ಅರ್ಜಿ ನಮ್ಮ ಭಿಕ್ಷೆಯಲ್ಲ, ಬಾಕಿ ವಸೂಲಿ.