ಬಾಡಿಗೆಯನ್ನು ಬುಶ್‌ಗಳ ತಲೆಗೆ ಕಟ್ಟಬೇಡಿ

ಪುಣೆಯ ಭೋಸರಿಯಲ್ಲಿ ನಾನು ಲೆಕ್ಕ ನೋಡಿದ ಒಂದು ಟರ್ನಿಂಗ್ ಕಾರ್ಖಾನೆಯಲ್ಲಿ ಪಂಪ್‌ಗಳಿಗೆ ಬುಶ್ ಮಾಡುತ್ತಾರೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ದುಂಡಾಗಿಸಿ ಹೇಳುತ್ತೇನೆ. ಸಾದಾ ಬುಶ್ ವರ್ಷಕ್ಕೆ 1,00,000, ತಲಾ 5,000ದ 20 ಬ್ಯಾಚ್‌ಗಳಲ್ಲಿ. ವಿಶೇಷ ಬುಶ್ ವರ್ಷಕ್ಕೆ 2,000, ತಲಾ 100ರ 20 ಬ್ಯಾಚ್‌ಗಳಲ್ಲಿ. ಎರಡಕ್ಕೂ ಕಚ್ಚಾ ಮಾಲು ಮತ್ತು ಕೂಲಿ ಸೇರಿ ಪೀಸಿಗೆ 40 ರೂಪಾಯಿ, ಲೇತ್ ಮೇಲೆ 3 ನಿಮಿಷ. ಸಾದಾ ಬುಶ್ ಮಾರಾಟ ಬೆಲೆ 60 ರೂಪಾಯಿ, ವಿಶೇಷದ್ದು 95.

ವರ್ಷದ ಓವರ್‌ಹೆಡ್ 15,30,000 ರೂಪಾಯಿ. ಅಕೌಂಟೆಂಟ್ ಅದನ್ನು 1,02,000 ಪೀಸಿನಿಂದ ಭಾಗಿಸಿದ, ತಲಾ 15 ರೂಪಾಯಿ ಬಂತು. ಹಾಗಾಗಿ ಎರಡೂ ಬುಶ್‌ಗಳ ವೆಚ್ಚ 55. ಸಾದಾದಲ್ಲಿ 5 ರೂಪಾಯಿ ಲಾಭ, ವಿಶೇಷದಲ್ಲಿ 40. ಮಾಲೀಕರು ಸೇಲ್ಸ್‌ನವರಿಗೆ ಹೇಳಿದ್ದು ಸಹಜವೇ: ‘ಸಣ್ಣ ಸಣ್ಣ ವಿಶೇಷ ಆರ್ಡರ್‌ಗಳನ್ನೇ ಹಿಡಿದು ತನ್ನಿ.’

ಈ ಭಾಗಾಕಾರ ಸಣ್ಣ ತಪ್ಪಲ್ಲ, ಸುಳ್ಳು ಲೆಕ್ಕ. ಇದರ ಪರಿಣಾಮ ಹೊಸದೂ ಅಲ್ಲ. 1980ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಜಾನ್ ಡಿಯರ್ ಕಂಪನಿಯ ಬಿಡಿಭಾಗಗಳ ಕಾರ್ಖಾನೆ ಇದೇ ಬಲೆಗೆ ಬಿದ್ದಿತ್ತು. ದೊಡ್ಡ ಪ್ರಮಾಣದ ಭಾಗಗಳಿಗೆ ಹಾಕಿದ ಬೆಲೆ ದುಬಾರಿಯಾಗಿ ಆರ್ಡರ್ ಕೈತಪ್ಪುತ್ತಿತ್ತು, ಯಾರಿಗೂ ಬೇಡದ ಸಣ್ಣ ಪ್ರಮಾಣದವು ಮಾತ್ರ ಸಿಗುತ್ತಿದ್ದವು. ಇಂಥ ಕಾರ್ಖಾನೆಗಳನ್ನು ನೋಡಿಯೇ ರಾಬಿನ್ ಕೂಪರ್ 1990ರಲ್ಲಿ ಕೆಲಸಗಳನ್ನು ನಾಲ್ಕು ಮಟ್ಟಕ್ಕೆ ವಿಂಗಡಿಸಿದರು.

ವಿಂಗಡಣೆಗೆ ನಾಲ್ಕು ಪ್ರಶ್ನೆ ಸಾಕು. ಒಂದು ಪೀಸ್ ಹೆಚ್ಚು ಮಾಡಿದರೆ ಏರುವ ವೆಚ್ಚ ಯಾವುದು? ಲೇತ್‌ನ ಕರೆಂಟು, ಇನ್ಸರ್ಟ್ ಸವೆತ, ಕೂಲಂಟ್. ಒಂದು ಬ್ಯಾಚ್ ಹೆಚ್ಚಾದರೆ ಏರುವುದು? ಸೆಟ್ಟಿಂಗ್, ಮೊದಲ ಪೀಸಿನ ತಪಾಸಣೆ, ಸೆಟ್ಟಿಂಗ್‌ನಲ್ಲಿ ಕೆಟ್ಟುಹೋಗುವ ಪೀಸುಗಳು, ಮಾಲು ಸಾಗಣೆ. ಆ ಉತ್ಪನ್ನವನ್ನೇ ಕೈಬಿಟ್ಟರೆ ತಪ್ಪುವುದು? ಅದರ ಡ್ರಾಯಿಂಗ್, ಸಿಎನ್‌ಸಿ ಪ್ರೋಗ್ರಾಂ, ಗೇಜ್‌ಗಳು, ಗ್ರಾಹಕರ ಅನುಮೋದನೆಯ ಕಾಗದಪತ್ರ. ಕಾರ್ಖಾನೆಗೆ ಬೀಗ ಹಾಕಿದರೆ ಮಾತ್ರ ತಪ್ಪುವುದು? ಬಾಡಿಗೆ, ಮ್ಯಾನೇಜರ್ ಸಂಬಳ, ಗೇಟಿನ ಕಾವಲು.

ಹೆಸರು ನೋಡಿ ಮಟ್ಟ ಹೇಳುವಂತಿಲ್ಲ. ತಪಾಸಣೆ ಮೊದಲ ಪೀಸಿಗಷ್ಟೇ ಆದರೆ ಅದು ಬ್ಯಾಚಿನ ವೆಚ್ಚ. ಪ್ರತಿ ಪೀಸನ್ನೂ ಅಳೆಯುವಂತಿದ್ದರೆ ಅದೇ ತಪಾಸಣೆ ಪೀಸಿನ ವೆಚ್ಚ. ಲೆಡ್ಜರ್ ಮುಂದೆ ಕೂತವರಿಗೆ ಇದು ಕಾಣದು, ಶಾಪ್ ಫ್ಲೋರಿಗೆ ಹೋಗಿ ಕೇಳಲೇಬೇಕು.

ಭೋಸರಿಯಲ್ಲಿ ಕೇಳಿದಾಗ ಆ 15,30,000 ಹೀಗೆ ಒಡೆಯಿತು: ಪೀಸಿಗೆ 5 ರೂಪಾಯಿಯಂತೆ 5,10,000. ಬ್ಯಾಚಿಗೆ 6,000ದಂತೆ 40 ಬ್ಯಾಚಿಗೆ 2,40,000. ಉತ್ಪನ್ನಕ್ಕೆ 60,000ದಂತೆ 1,20,000. ಉಳಿದ 6,60,000 ಇಡೀ ಕಾರ್ಖಾನೆಯದು.

ಈಗ ವಿಶೇಷ ಬುಶ್ ನೋಡಿ. ಮಾರಾಟ 1,90,000. ಮಾಲು ಕೂಲಿ 80,000, ಪೀಸ್ ಮಟ್ಟದ್ದು 10,000 ಕಳೆದರೆ 1,00,000 ಉಳಿಯಿತು. ಅದರ 20 ಬ್ಯಾಚುಗಳು ತಿಂದದ್ದು 1,20,000, ಉತ್ಪನ್ನದ ಖರ್ಚು 60,000. ಅಲ್ಲಿಗೆ 80,000 ರೂಪಾಯಿ ನಷ್ಟ. ಸಾದಾ ಬುಶ್ ಇದೇ ಕ್ರಮದಲ್ಲಿ 13,20,000 ಉಳಿಸುತ್ತದೆ. ಎರಡನ್ನೂ ಕೂಡಿಸಿ ಕಾರ್ಖಾನೆಯ 6,60,000 ಕಳೆದರೆ ಲಾಭ 5,80,000, ಹಳೆಯ ಲೆಕ್ಕದಲ್ಲಿದ್ದಷ್ಟೇ. ಒಟ್ಟು ಬದಲಾಗಲಿಲ್ಲ, ಯಾರು ದುಡಿದರು ಯಾರು ಕೂತು ಉಂಡರು ಎಂಬುದು ತಿಳಿಯಿತು.

ಇಲ್ಲಿಯವರೆಗೆ ಬಹಳ ಜನ ಒಪ್ಪುತ್ತಾರೆ. ನನ್ನ ಜಗಳವಿರುವುದು ಇದರ ಮುಂದಿನ ಹೆಜ್ಜೆಯೊಂದಿಗೆ. ಇಷ್ಟು ಕಷ್ಟಪಟ್ಟು ಬೇರ್ಪಡಿಸಿದ ಮೇಲೆ ಕನ್ಸಲ್ಟೆಂಟರು ಎಲ್ಲವನ್ನೂ ಮತ್ತೆ ಪೀಸಿನಿಂದ ಭಾಗಿಸುತ್ತಾರೆ: 40, 5, ಬ್ಯಾಚಿನದು 60, ಉತ್ಪನ್ನದ್ದು 30, ಒಟ್ಟು 135 ರೂಪಾಯಿ. ಬೇರ್ಪಡಿಸಿದ್ದನ್ನು ಮತ್ತೆ ಒಂದೇ ಪಾತ್ರೆಗೆ ಸುರಿದ ಹಾಗಾಯಿತು.

ಆ 135 ಏನು ಅನಾಹುತ ಮಾಡುತ್ತದೆ? ಗ್ರಾಹಕರು ಬಂದು ‘ಪ್ರತಿ ಬ್ಯಾಚಿಗೆ ಇನ್ನು 20 ಪೀಸ್ ಸೇರಿಸಿ ಕೊಡಿ, ಬೆಲೆ ಅದೇ 95’ ಎಂದರೆ, 135 ಹಿಡಿದವನು ಬೇಡವೆನ್ನುತ್ತಾನೆ. ಆದರೆ ಸೆಟ್ಟಿಂಗ್ ಆಗಲೇ ಆಗಿದೆ, ಆ ಹೆಚ್ಚಿನ ಪೀಸಿಗೆ ತಗಲುವುದು 45 ಮಾತ್ರ. 400 ಪೀಸಿಗೆ 20,000 ರೂಪಾಯಿ ಬಿಟ್ಟುಕೊಟ್ಟಂತಾಯಿತು. ಪೀಸಿಗೆ 60 ಎಂಬ ವೆಚ್ಚ ಆ ಬುಶ್‌ನ ಹುಟ್ಟುಗುಣವಲ್ಲ, 100ರ ಬ್ಯಾಚಿನ ಫಲ. 500ರ ನಾಲ್ಕು ಬ್ಯಾಚು ಮಾಡಿದರೆ ಬ್ಯಾಚಿನ ಖರ್ಚು 24,000ಕ್ಕೆ ಇಳಿದು, 80,000 ನಷ್ಟವಿದ್ದ ಬುಶ್ 16,000 ಉಳಿಸುತ್ತದೆ. 100ರ ಬ್ಯಾಚೇ ಬೇಕೆನ್ನುವ ಗ್ರಾಹಕರಿಗೆ ಸೆಟ್ಟಿಂಗ್ ಚಾರ್ಜನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಹಾಕಿ. ಪೀಸಿನ ಬೆಲೆ ಏರಿಸಿದರೆ ಅವರಿಗೆ ಕಾರಣ ತಿಳಿಯದು. ಸೆಟ್ಟಿಂಗಿನ ಸಾಲು ಕಂಡರೆ ಅವರೇ ಆರ್ಡರ್ ದೊಡ್ಡದು ಮಾಡುತ್ತಾರೆ.

ನನ್ನ ಕಡೆಯವರಿಗೂ ಒಂದು ಮಾತು. 16 ಬ್ಯಾಚ್ ಕಡಿಮೆಯಾದ ಮಾತ್ರಕ್ಕೆ 96,000 ರೂಪಾಯಿ ಜೇಬಿಗೆ ಬೀಳುವುದಿಲ್ಲ. ಸೆಟ್ಟರ್ ಸಂಬಳ ತಿಂಗಳಿಗೆ ಬರುವಂಥದು. ಒಂದು ಸೆಟ್ಟಿಂಗಿಗೆ 3 ಗಂಟೆಯಾದರೆ ಉಳಿದದ್ದು 48 ಗಂಟೆ, ಅಂದರೆ ಲೇತ್ ಮೇಲೆ 960 ಪೀಸಿನ ಸಮಯ. ಆ ಸಮಯಕ್ಕೆ ಆರ್ಡರ್ ತುಂಬಿದರೆ ಅಥವಾ ಓವರ್‌ಟೈಮ್ ತಗ್ಗಿದರೆ ಮಾತ್ರ ಅದು ಹಣ. ಈ ಲೆಕ್ಕ ಹೇಳುವುದು ಶಕ್ತಿಯ ಬಳಕೆಯನ್ನು. ಖರ್ಚನ್ನು ಇಳಿಸಬೇಕಾದವರು ಮಾಲೀಕರು.

ಕೊನೆಗೆ ಆ 6,60,000. ಈಗ ಪೀಸಿಗೆ ಹಂಚಿದರೆ ಸುಮಾರು 6.47 ರೂಪಾಯಿ. ಸಾದಾ ಬುಶ್‌ನ ಆರ್ಡರ್ 80,000ಕ್ಕೆ ಇಳಿದರೆ ಅದು 8.05. ಬಾಡಿಗೆ ಒಂದು ಪೈಸೆಯೂ ಏರಿಲ್ಲ, ಆದರೂ ‘ವೆಚ್ಚ ಏರಿದೆ’ ಎಂದು ಬೆಲೆ ಏರಿಸುತ್ತಾರೆ. ಇನ್ನಷ್ಟು ಆರ್ಡರ್ ಹೋಗುತ್ತದೆ, ಪೀಸಿನ ಪಾಲು ಮತ್ತೆ ಏರುತ್ತದೆ. ಹೀಗೆ ಭಾಗಾಕಾರ ಮಾಡುತ್ತಲೇ ಗ್ರಾಹಕರನ್ನು ಕಳೆದುಕೊಳ್ಳಬಹುದು.

‘ಬಾಡಿಗೆಯನ್ನು ಯಾವ ಬುಶ್ಶೂ ಹೊರದಿದ್ದರೆ ಸೇಲ್ಸ್‌ನವರು ಎಲ್ಲವನ್ನೂ ಅಗ್ಗಕ್ಕೆ ಮಾರಿಬಿಡುತ್ತಾರಲ್ಲ?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹಂಚಿಕೆಯಲ್ಲ, ಗುರಿ. ಉತ್ಪನ್ನಗಳೆಲ್ಲ ಸೇರಿ ವರ್ಷಕ್ಕೆ 6,60,000 ಮತ್ತು ಮಾಲೀಕರ ಲಾಭವನ್ನು ಉಳಿಸಬೇಕು ಎಂದು ಸೇಲ್ಸ್‌ನವರ ಮುಂದೆ ಒಟ್ಟು ಮೊತ್ತವನ್ನೇ ಇಡಿ. ಯಾವ ಬುಶ್ ಎಷ್ಟು ಹೊರಬಲ್ಲದು ಎಂಬುದನ್ನು ಮಾರುಕಟ್ಟೆ ಹೇಳುತ್ತದೆ, ಭಾಗಾಕಾರ ಹೇಳಲಾರದು.

‘ಆಡಿಟರ್ ಒಪ್ಪುವುದಿಲ್ಲ’ ಎಂಬುದು ಇನ್ನೊಂದು ನೆಪ. ದಾಸ್ತಾನಿನ ಮೌಲ್ಯಕ್ಕೆ ಸ್ಥಿರ ಉತ್ಪಾದನಾ ವೆಚ್ಚವನ್ನು ಸಾಮಾನ್ಯ ಸಾಮರ್ಥ್ಯದ ಆಧಾರದಲ್ಲಿ ಸೇರಿಸಬೇಕೆಂದು ನಮ್ಮ ಲೆಕ್ಕಪತ್ರ ಮಾನದಂಡ ಹೇಳುವುದು ನಿಜ. ಬ್ಯಾಲೆನ್ಸ್ ಶೀಟಿಗೆ ಹಾಗೆಯೇ ಮಾಡಿ. ಆದರೆ ಬೆಲೆ ಕೂರಿಸುವಾಗ, ಆರ್ಡರ್ ಒಪ್ಪುವಾಗ ಆ ಹಾಳೆಯನ್ನು ಮಡಚಿಟ್ಟು ನಾಲ್ಕು ಸಾಲಿನ ಹಾಳೆ ತೆರೆಯಿರಿ. ಅದರ ಕೆಳಗೆ ‘ಪೀಸಿಗೆ ಒಟ್ಟು ವೆಚ್ಚ’ ಎಂಬ ಐದನೆಯ ಸಾಲನ್ನು ಯಾರಾದರೂ ಸೇರಿಸಿದ್ದರೆ ಅಳಿಸಿಬಿಡಿ.