ಹಳೆಯ ಕಾಲಂ ನಂಬಿ ಹೋಲಿಸಬೇಡಿ

ವಾರ್ಷಿಕ ಮಹಾಸಭೆಗಳ ತಿಂಗಳುಗಳಲ್ಲಿ ವರದಿಯ ಪುಟಗಳು ಮೊಬೈಲ್ ಫೋಟೊಗಳಾಗಿ ಕೈಯಿಂದ ಕೈಗೆ ಹೋಗುತ್ತವೆ. ಮೂರು ವರ್ಷದ ಮೂರು ಫೋಟೊ ಜೋಡಿಸಿ, ಅಂಕಿಗಳನ್ನು ಒಂದು ಹಾಳೆಗೆ ಇಳಿಸಿ, ಏರಿತೋ ಇಳಿಯಿತೋ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ನಡುವೆ ಹಿಂದಿನ ವರ್ಷದ ಲೆಕ್ಕವನ್ನೇ ತಿದ್ದಿ ಮುದ್ರಿಸಿದ್ದರೆ ಆ ತೀರ್ಪು ಪೂರ್ತಿ ತಲೆಕೆಳಗಾಗುತ್ತದೆ. 2027ರಲ್ಲಿ ಇಂಥ ತಿದ್ದುಪಡಿಗಳು ಒಟ್ಟೊಟ್ಟಿಗೆ ಬರಲಿವೆ. ಅದಕ್ಕೇ ಈಗಲೇ ಈ ಎಚ್ಚರಿಕೆ.

ನಮ್ಮ ಸುತ್ತಿನ ಉದಾಹರಣೆಯನ್ನೇ ನೋಡಿ. ಸಾವನದುರ್ಗದ ಬೆಟ್ಟ ನಿಂತಿರುವ ಮಾಗಡಿ ತಾಲ್ಲೂಕು 2001ರ ಜನಗಣತಿಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯ ಜನಸಂಖ್ಯೆ 18,81,514 ಎಂದು ದಾಖಲಾಯಿತು. 2011ರ ಕೋಷ್ಟಕದಲ್ಲಿ ಅದೇ ಜಿಲ್ಲೆಯ ಮುಂದೆ ಇರುವುದು 9,90,923. ಎರಡು ಫೋಟೊ ಪಕ್ಕಪಕ್ಕ ಇಟ್ಟವನಿಗೆ ಅರ್ಧ ಜಿಲ್ಲೆ ಖಾಲಿಯಾದಂತೆ ಕಾಣುತ್ತದೆ. ನಡೆದದ್ದೇ ಬೇರೆ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ರಾಮನಗರ ಎಂಬ ಹೊಸ ಜಿಲ್ಲೆಯಾಯಿತು. ಹಾಗಾಗಿ 2011ರ ಕೋಷ್ಟಕದಲ್ಲಿ 2001ರ ಅಂಕಿಯನ್ನು ಹೊಸ ಗಡಿಗೆ ಹೊಂದಿಸಿ ಗ್ರಾಮಾಂತರಕ್ಕೆ 8,50,968, ರಾಮನಗರಕ್ಕೆ 10,30,546 ಎಂದು ಕೊಟ್ಟರು. ಎರಡನ್ನೂ ಕೂಡಿದರೆ ಹಳೆಯ ಮೊತ್ತವೇ ಬರುತ್ತದೆ. ಗ್ರಾಮಾಂತರದ ಜನ ಕಡಿಮೆಯಾಗಿರಲಿಲ್ಲ, ಒಂದು ಲಕ್ಷ ನಲವತ್ತು ಸಾವಿರದಷ್ಟು ಹೆಚ್ಚಿದ್ದರು.

ಕಂಪನಿ ವರದಿಗಳಲ್ಲಿ ಇದೇ ಬಲೆ ಇನ್ನೂ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇನ್ಫೋಸಿಸ್‌ನ 2013-14ರ ವರದಿಯಲ್ಲಿ ಸಮೂಹದ ಲಾಭ 10,648 ಕೋಟಿ ರೂಪಾಯಿ, ಪ್ರತಿ ಷೇರಿನ ಗಳಿಕೆ 186.35 ರೂಪಾಯಿ. ಮರುವರ್ಷ ಲಾಭ 12,329 ಕೋಟಿ, ಷೇರಿನ ಗಳಿಕೆ 107.88 ರೂಪಾಯಿ. ಲಾಭ ಏರಿ ಗಳಿಕೆ ಇಳಿಯಲು ಕಾರಣ, 2014ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದಕ್ಕೊಂದು ಬೋನಸ್ ಷೇರು. ಷೇರುಗಳ ಸಂಖ್ಯೆ ಎರಡು ಪಟ್ಟಾಯಿತು. ಆದ್ದರಿಂದ 2014-15ರ ವರದಿ ತನ್ನ ಹಿಂದಿನ ವರ್ಷದ ಕಾಲಂನಲ್ಲಿ 186.35ರ ಬದಲು 93.17 ಎಂದು ಮುದ್ರಿಸಿತು. ಎರಡು ವರದಿಗಳಿಂದ ಒಂದೊಂದು ಅಂಕಿ ಎತ್ತಿಕೊಂಡವನಿಗೆ ನೂರಕ್ಕೆ 42ರಷ್ಟು ಕುಸಿತ ಸಿಗುತ್ತದೆ. ಹೊಸ ವರದಿಯ ಎರಡು ಕಾಲಂ ಹೋಲಿಸಿದವನಿಗೆ ನೂರಕ್ಕೆ 15.8ರಷ್ಟು ಏರಿಕೆ ಸಿಗುತ್ತದೆ. ಲಾಭ ಏರಿದ್ದೂ ಅಷ್ಟೇ ಪ್ರಮಾಣದಲ್ಲಿ. 2015ರ ಜೂನ್‌ನಲ್ಲಿ ಮತ್ತೊಂದು ಬೋನಸ್ ಬಂದಿತು, 107.88 ಮುಂದಿನ ವರದಿಯಲ್ಲಿ 53.94 ಆಯಿತು.

ಇದನ್ನು ಹಿಡಿಯುವ ದಾರಿ ಕಷ್ಟದ್ದಲ್ಲ. ಹಳೆಯ ವರದಿ ತನ್ನ ವರ್ಷಕ್ಕೆ ಕೊಟ್ಟ ಅಂಕಿ, ಹೊಸ ವರದಿಯ ಹಿಂದಿನ ವರ್ಷದ ಕಾಲಂನಲ್ಲಿರುವ ಅಂಕಿ ಒಂದೇ ಇದೆಯೇ ಎಂದು ಮೊದಲು ನೋಡಬೇಕು. ಬೇರೆಯಾಗಿದ್ದರೆ ಹೊಸದನ್ನು ಹಳೆಯದರಿಂದ ಭಾಗಿಸಿ. ಇಲ್ಲಿಯಂತೆ ಸರಿಯಾಗಿ ಅರ್ಧ ಬಂದು, ವರದಿಯಲ್ಲಿ ಬೋನಸ್ ಅಥವಾ ಷೇರು ವಿಭಜನೆಯ ಮಾತಿದ್ದರೆ ಇನ್ನೂ ಹಳೆಯ ವರ್ಷಗಳ ಗಳಿಕೆಯನ್ನೂ ಅದೇ ಪ್ರಮಾಣದಲ್ಲಿ ಇಳಿಸಿ ಸರಣಿ ಕಟ್ಟಬಹುದು. ಅಂಥ ಕಾರಣ ಸಿಗದಿದ್ದರೆ ಅದು ಲೆಕ್ಕಪತ್ರ ನೀತಿಯ ಬದಲಾವಣೆಯೋ ಹಳೆಯ ತಪ್ಪಿನ ತಿದ್ದುಪಡಿಯೋ ಆಗಿರಬಹುದು. ಆಗ ಯಾವ ಗುಣಕವೂ ಉಪಯೋಗಕ್ಕೆ ಬರುವುದಿಲ್ಲ. ಟಿಪ್ಪಣಿ ಓದಲೇಬೇಕು, ಟಿಪ್ಪಣಿ ಮುಟ್ಟದ ವರ್ಷಗಳನ್ನು ಸರಣಿಯಿಂದ ಬಿಡಬೇಕು. ಫೋಟೊದ ದೋಷ ಇರುವುದು ಇಲ್ಲಿಯೇ. ಅಂಕಿ ಚೆನ್ನಾಗಿ ಕಾಣಲೆಂದು ಅಂಚು ಕತ್ತರಿಸಿದಾಗ ಕಾಲಂ ತಲೆಬರಹದ ‘ರೀಸ್ಟೇಟೆಡ್’ ಎಂಬ ಪದ, ನಕ್ಷತ್ರ ಚಿಹ್ನೆ, ಪುಟದ ಅಡಿಯ ಸಾಲು ಮೂರೂ ಹೋಗುತ್ತವೆ. ಉಳಿಯುವುದು ಅಂಕಿಗಳು ಮಾತ್ರ.

ಇನ್ನು ಮುಂದಿರುವುದನ್ನು ನೋಡೋಣ. 2027ರ ಜನವರಿ 1ರಂದು ಅಥವಾ ಅದರ ನಂತರ ಆರಂಭವಾಗುವ ವರ್ಷಗಳಿಗೆ ಐಎಫ್‌ಆರ್‌ಎಸ್ 18 ಎಂಬ ಅಂತರರಾಷ್ಟ್ರೀಯ ಮಾನದಂಡ ಜಾರಿಗೆ ಬರುತ್ತದೆ. ಆ ಮಾನದಂಡದಂತೆ ಲೆಕ್ಕ ಕೊಡುವ ಕಂಪನಿಗಳಲ್ಲಿ ನಿವ್ವಳ ಲಾಭ ಹಾಗೇ ಇದ್ದರೂ ಕಾರ್ಯಾಚರಣೆ ಲಾಭದ ಸಾಲಿಗೆ ಏನು ಸೇರುತ್ತದೆ ಎಂಬುದು ಬದಲಾಗುತ್ತದೆ, ಹಿಂದಿನ ವರ್ಷವನ್ನೂ ಹೊಸ ರೂಪದಲ್ಲಿ ಮುದ್ರಿಸಬೇಕಾಗುತ್ತದೆ. ಅದೇ 2027ರಲ್ಲಿ ಜನಗಣತಿ. ನಮ್ಮ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದಿದೆ, ಕನಕಪುರದಿಂದ ಹಾರೋಹಳ್ಳಿ ಬೇರೆ ತಾಲ್ಲೂಕಾಗಿದೆ. 2011ರ ಕನಕಪುರದಲ್ಲಿ ಹಾರೋಹಳ್ಳಿಯೂ ಇತ್ತು ಎಂಬುದನ್ನು ಮರೆತವರು, ಕನಕಪುರ ಕುಗ್ಗಿತು ಎಂದು ಬರೆದೇ ಬರೆಯುತ್ತಾರೆ.

ಹಳೆಯ ವರದಿಗಳ ಫೋಟೊ ಇಟ್ಟುಕೊಂಡವರು ಅವನ್ನು ಅಳಿಸಬೇಡಿ. ಮುಂದೆ ತೆಗೆಯುವಾಗ ತಲೆಬರಹದಿಂದ ಅಡಿಟಿಪ್ಪಣಿವರೆಗೆ ಇಡೀ ಪುಟ ತೆಗೆಯಿರಿ, ಟಿಪ್ಪಣಿಯ ಸಂಖ್ಯೆ ಕೊಟ್ಟಿದ್ದರೆ ಆ ಪುಟವನ್ನೂ ತೆಗೆಯಿರಿ. ಪ್ರತಿ ಅಂಕಿಯ ಪಕ್ಕ ಅದು ಯಾವ ವರ್ಷದ ವರದಿಯಿಂದ ಬಂತು ಎಂದು ಬರೆದಿಡಿ.