ಗ್ರೂಪ್ ತೊರೆದವರ ಮನೆಗೆ ಹೋದವರು ಯಾರು?

ಕಳೆದ ವರ್ಷ ನಮ್ಮ ಜಮಾಅತ್‌ನ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಮಾಸಿಕ ವಂತಿಗೆ ಬಾಕಿ ಇರಿಸಿಕೊಂಡವರ ಪಟ್ಟಿಯೊಂದು ಪ್ರಕಟವಾಯಿತು. ಹನ್ನೊಂದು ಹೆಸರುಗಳು, ಪ್ರತಿ ಹೆಸರಿನ ಮುಂದೆ ಬಾಕಿಯ ಮೊತ್ತ. ಅಂದು ರಾತ್ರಿಯೇ ಪಟ್ಟಿಯಲ್ಲಿದ್ದ ಸಹೋದರರೊಬ್ಬರು ಸದ್ದಿಲ್ಲದೆ ಗ್ರೂಪ್ ತೊರೆದರು. ಮರುದಿನ ಫಜ್ರ್ ನಮಾಝ್ ಮುಗಿಯುವಷ್ಟರಲ್ಲಿ ಸುದ್ದಿ ಮಸೀದಿಯ ಜಗಲಿಗೆ ತಲುಪಿತ್ತು. ಅದು ಅಹಂಕಾರವೆಂದು ಕೆಲವರು ನಿರ್ಧರಿಸಿದರು. ಆಡಳಿತ ಸಮಿತಿಯ ವಿರೋಧಿಗಳ ಕಡೆ ಸೇರಿಕೊಂಡಿದ್ದಾರೆಂದು ಇನ್ನು ಕೆಲವರು. ಎರಡು ಓಣಿಗಳಾಚೆಗಿನ ಅವರ ಮನೆಗೆ ಹೋಗಿ ವಿಚಾರಿಸಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಮೂರು ವಾರಗಳ ಬಳಿಕ ಅವರ ಬಾಲ್ಯದ ಮದ್ರಸಾ ಒಡನಾಡಿಯೊಬ್ಬರು ಮರಣ ಹೊಂದಿದರು. ಜನಾಝದ ಸಮಯವನ್ನು ಗ್ರೂಪ್‌ನಲ್ಲಿ ಮಾತ್ರ ತಿಳಿಸಲಾಗಿತ್ತು. ದಫನ ಮುಗಿದ ಮೇಲೆ ಓಡೋಡಿ ಬಂದ ಅವರನ್ನು ಕಂಡಾಗಲೇ ನಮಗೆ ನಿಜ ತಿಳಿದದ್ದು. ಗಲ್ಫ್‌ನ ಕೆಲಸ ಕಳೆದುಕೊಂಡು ಊರಿಗೆ ಬಂದು ಆರು ತಿಂಗಳಾಗಿತ್ತು. ನೆಂಟರೂ ಅಳಿಯನೂ ಇರುವ ಗ್ರೂಪ್‌ನಲ್ಲಿ ತಮ್ಮ ಬಾಕಿಯನ್ನು ಕಂಡು ಅವರು ನಾಚಿಕೆಯಿಂದ ಹೊರಹೋಗಿದ್ದರು.

ಮೊದಲು ಯಾರಾದರೂ ಗ್ರೂಪ್ ಬಿಟ್ಟರೆ ಅದು ಎಲ್ಲ ಸದಸ್ಯರಿಗೂ ತಿಳಿಯುತ್ತಿತ್ತು. 2022ರಲ್ಲಿ ಬಂದ ಬದಲಾವಣೆಯ ನಂತರ ಆ ಸೂಚನೆ ಅಡ್ಮಿನ್‌ಗಳಿಗಷ್ಟೇ ಕಾಣುತ್ತದೆ; ಇತರರು ಹುಡುಕಿದರೆ ಕಳೆದ 60 ದಿನಗಳಲ್ಲಿ ಹೊರಹೋದವರ ಪಟ್ಟಿಯಲ್ಲಿ ಆ ಹೆಸರು ಸಿಗಬಹುದು. ಹೊರಹೋಗುವವನ ಮಾನವನ್ನು ಕಾಯುವ ವ್ಯವಸ್ಥೆಯಿದು. ಅಡ್ಮಿನ್ ಒಬ್ಬರು ಅದನ್ನು ಜಗಲಿಯಲ್ಲಿ ಹಂಚಿಕೊಂಡರೆ ಆ ಮರೆ ಹರಿದುಹೋಗುತ್ತದೆ. ಅಷ್ಟಕ್ಕೂ ಆ ಒಂದು ಸಾಲು ಹೇಳುವುದು ಇಂಥವರು ಈಗ ಇಲ್ಲಿಲ್ಲ ಎಂಬುದನ್ನು ಮಾತ್ರ. ಕೋಪವೋ, ನಾಚಿಕೆಯೋ, ಕಾಯಿಲೆಯೋ, ಹಳೆಯ ನಂಬರಿನ ಖಾತೆಯನ್ನು ಅಳಿಸಿದ್ದೋ ಎಂಬುದು ಅದರಲ್ಲಿಲ್ಲ. ಕಾರಣವನ್ನು ತುಂಬುವವರು ನಾವು. ಅಲ್‌ಹುಜುರಾತ್ ಅಧ್ಯಾಯವು ಸತ್ಯವಿಶ್ವಾಸಿಗಳನ್ನು ಎಚ್ಚರಿಸಿರುವುದು ಈ ಗುಮಾನಿಯ ಬಗ್ಗೆಯೇ.

ಪ್ರವಾದಿಯವರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬರು ಕೆಲವು ದಿನ ಕಾಣಿಸಲಿಲ್ಲ. ಪ್ರವಾದಿಯವರು(ಸ) ವಿಚಾರಿಸಿದರು. ಅವರು ಮರಣ ಹೊಂದಿದರೆಂದು ತಿಳಿದಾಗ, ತಮಗೇಕೆ ತಿಳಿಸಲಿಲ್ಲವೆಂದು ಕೇಳಿ, ಸಮಾಧಿಯ ಬಳಿಗೆ ಹೋಗಿ ಪ್ರಾರ್ಥಿಸಿದರು. ಒಬ್ಬರ ಗೈರುಹಾಜರಿಯನ್ನು ಅವರು ಕಂಡ ಬಗೆಯಿದು: ಕಾಣದವರನ್ನು ವಿಚಾರಿಸಬೇಕು.

ಅಡ್ಮಿನ್‌ಗಳೇ ಸದಸ್ಯನನ್ನು ತೆಗೆದುಹಾಕುವುದು ಇನ್ನೂ ಗಂಭೀರ. ಲೆಕ್ಕ ಕೇಳಿದ ಯುವಕನನ್ನು ತೆಗೆದರೆ, ಉಳಿದವರು ಅದರಿಂದ ಓದಿಕೊಳ್ಳುವುದು ಲೆಕ್ಕ ಕೇಳಬಾರದೆಂಬ ಪಾಠವನ್ನೇ. ಅಶ್ಲೀಲ ಚಿತ್ರ ಹಾಕುವವನನ್ನು, ಎಷ್ಟು ತಿಳಿಹೇಳಿದರೂ ಸುಳ್ಳು ಸುದ್ದಿ ಹರಡುವವನನ್ನು ತೆಗೆಯಬೇಕಾದೀತು. ಆದರೆ ಶಿಸ್ತಿನ ಹೆಸರಿನಲ್ಲಿ ತಬೂಕ್‌ನ ಘಟನೆಯನ್ನು ಉದಾಹರಿಸುವವರು ಅದನ್ನು ಪೂರ್ತಿ ಓದಬೇಕು. ಆ ಯಾತ್ರೆಗೆ ಹೋಗದೆ ಉಳಿದ ಕಅಬ್ ಬಿನ್ ಮಾಲಿಕ್(ರ) ಮತ್ತು ಇನ್ನಿಬ್ಬರೊಂದಿಗೆ ಮಾತನಾಡಬಾರದೆಂಬ ಆದೇಶವಾಯಿತು. ಮೊದಲು ಕಅಬ್‌ರ ಮಾತನ್ನು ಪ್ರವಾದಿಯವರು(ಸ) ಎದುರಿಗೇ ಕೇಳಿದ್ದರು. ಕಾರಣ ಎಲ್ಲರಿಗೂ ತಿಳಿದಿತ್ತು. ಆ ದಿನಗಳಲ್ಲಿಯೂ ಕಅಬ್ ಮಸೀದಿಗೆ ಬಂದು ಜಮಾಅತ್‌ನಲ್ಲಿ ನಮಾಝ್ ಮಾಡುತ್ತಿದ್ದರು. ಐವತ್ತು ದಿನಗಳ ಬಳಿಕ ಪಶ್ಚಾತ್ತಾಪ ಸ್ವೀಕೃತವಾದ ವಾರ್ತೆ ಬಂದಾಗ ತಲ್ಹಾ(ರ) ಎದ್ದು ಧಾವಿಸಿ ಬಂದು ಅವರ ಕೈ ಹಿಡಿದು ಅಭಿನಂದಿಸಿದರು. ದಿವ್ಯವಾಣಿಯ ಕಾಲದ ಆ ತೀರ್ಪಿನ ಅಧಿಕಾರ ನಮ್ಮ ಯಾವ ಸಮಿತಿಗೂ ಇಲ್ಲ. ಆದರೂ ನಾವು ಮಾತು ಕೇಳದೆ, ಕಾರಣ ಹೇಳದೆ, ಮರಳುವ ದಾರಿ ತೋರದೆ ಒಂದು ಬೆರಳಿನಿಂದ ಸಹೋದರನನ್ನು ಹೊರಹಾಕುತ್ತೇವೆ.

ಆ ಜನಾಝದ ಬಳಿಕ ನಮ್ಮಲ್ಲಿ ಕೆಲವು ರೂಢಿಗಳು ಬದಲಾದವು. ವಂತಿಗೆಯ ಬಾಕಿಯನ್ನು ಈಗ ಅವರವರಿಗಷ್ಟೇ ತಿಳಿಸಲಾಗುತ್ತದೆ. ಮರಣವಾರ್ತೆ ಗ್ರೂಪ್‌ನ ಜೊತೆಗೆ ಮಸೀದಿಯ ಧ್ವನಿವರ್ಧಕದಲ್ಲಿಯೂ ಕೇಳಿಬರುತ್ತದೆ. ತೆಗೆದುಹಾಕುವ ಮುನ್ನ ಆ ಸದಸ್ಯನೊಂದಿಗೆ ಮುಖತಃ ಮಾತನಾಡಿ ಕಾರಣ ತಿಳಿಸಬೇಕೆಂದು ಒಪ್ಪಿಕೊಂಡಿದ್ದೇವೆ. ಯಾರಾದರೂ ತಾವಾಗಿ ಹೊರಹೋದರೆ ಅಡ್ಮಿನ್‌ಗಳಲ್ಲೊಬ್ಬರು ಮೂರು ದಿನಗಳೊಳಗೆ ಅವರ ಮನೆಗೆ ಹೋಗಿ ಸಲಾಮ್ ಹೇಳಿ ಬರಬೇಕು. ಸಹೋದರನೊಂದಿಗೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದು ಧರ್ಮಸಮ್ಮತವಲ್ಲವೆಂಬ ಪ್ರವಾದಿವಚನವೇ ಈ ಗಡುವಿಗೆ ಆಧಾರ. ಗ್ರೂಪ್‌ಗೆ ಮರಳಿರೆಂದು ಒತ್ತಾಯಿಸುವುದಿಲ್ಲ. ಅದನ್ನು ಬಿಡುವ ಹಕ್ಕು ಅವರಿಗಿದೆ.

ಆ ಸಹೋದರರು ಇಂದಿಗೂ ಗ್ರೂಪ್‌ಗೆ ಮರಳಿಲ್ಲ. ಆದರೆ ಇಶಾ ನಮಾಝಿನ ಸಫ್‌ನಲ್ಲಿ ಅವರ ಹೆಗಲು ನಮ್ಮ ಹೆಗಲಿಗೆ ತಾಗುತ್ತಿದೆ. ಅಲ್ಲಿಂದ ಅವರನ್ನು ತೆಗೆಯುವ ಅಧಿಕಾರ ಯಾವ ಅಡ್ಮಿನ್‌ಗೂ ಇಲ್ಲ.